ಕೂಡಿದ ಮನೆಯ ಪಾಲೂ ಉಯಿಲೂ

ಉಯಿಲು ಎಂಬ ಮಾತು ಕನ್ನಡದ್ದಲ್ಲ. ಇಂಗ್ಲಿಷಿನ ‘ವಿಲ್’ ಎಂಬುದೇ ಮೈಸೂರು ಸೀಮೆಯವರ ನಾಲಿಗೆಯ ಮೇಲೆ ಹೊರಳಿ ಉಯಿಲಾಯಿತು. ಮುಂಬಯಿ ಪ್ರಾಂತದಲ್ಲಿದ್ದ ನಮ್ಮವರು ಅದನ್ನು ಮರಾಠಿಯವರಂತೆ ಮೃತ್ಯುಪತ್ರವೆಂದರು. ಆಳಂದ, ಅಫಜಲಪುರ, ಜೇವರ್ಗಿಯ ಕಡೆ ನಿಜಾಮರ ಕಚೇರಿಯ ಉರ್ದು ಬಳಕೆಯಿಂದ ವಸಿಯತ್‌ನಾಮೆ ಎಂಬ ಮಾತು ಬಂದಿತು. ಒಂದೇ ಕಾಗದಕ್ಕೆ ಮೂರು ಹೆಸರು, ಮೂರೂ ಎರವಲು! ಭಾಷೆಯನ್ನು ಕಲಿಸುವ ನನ್ನಂಥವನಿಗೆ ಇದು ಸುಮ್ಮನೆ ಬಿಡುವ ಸಂಗತಿಯಲ್ಲ. ಒಂದು ನಾಡಿನಲ್ಲಿ ಒಂದು ವಸ್ತುವಿಗೆ ಸ್ವಂತ ಹೆಸರಿಲ್ಲವೆಂದರೆ ಆ ವಸ್ತುವಿಗೂ ಅಲ್ಲಿ ಹಿಂದೆ ಮನೆಯಿರಲಿಲ್ಲವೆಂದು ಬಹುಮಟ್ಟಿಗೆ ಊಹಿಸಬಹುದು. ಇಲ್ಲಿ ಆ ಊಹೆ ನಿಜವೇ ಆಗಿದೆ. ನಮ್ಮ ಪ್ರಾಚೀನ ಧರ್ಮಶಾಸ್ತ್ರಕ್ಕೆ ದಾನ ಗೊತ್ತು, ವಿಭಾಗ ಗೊತ್ತು, ದತ್ತಕ ಗೊತ್ತು. ಸತ್ತ ಮೇಲೆ ನಡೆಯಬೇಕೆಂದು ಬದುಕಿರುವಾಗ ಬರೆದಿಡುವ ಕಾಗದ ಮಾತ್ರ ಅದಕ್ಕೆ ಗೊತ್ತಿರಲಿಲ್ಲ.

ಏಕೆ ಗೊತ್ತಿರಲಿಲ್ಲವೆಂಬುದಕ್ಕೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಆಳಂದದಿಂದ ಈಶಾನ್ಯಕ್ಕೆ ಹೊರಟರೆ ಬಸವಕಲ್ಯಾಣ ಸಿಕ್ಕುತ್ತದೆ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದುದು ಈ ಕಲ್ಯಾಣದಲ್ಲಿಯೇ. ಕಲಬುರಗಿಯಿಂದ ಶಹಾಬಾದಿಗೆ ಹೋಗುವ ದಾರಿಯ ಮರತೂರಿನವರು ಆತ ತಮ್ಮ ಊರಿನವನೆಂದೇ ಹೇಳಿಕೊಳ್ಳುತ್ತಾರೆ. ಹೆಸರಿಗೆ ‘ಅಳತೆಯ ಮಾತು’, ಆದರೆ ಅದರ ಅಳತೆಗೆ ಸಿಕ್ಕದ ಹಿಂದೂ ಮನೆತನ ಬಂಗಾಳವೊಂದನ್ನು ಬಿಟ್ಟರೆ ಹಿಂದುಸ್ತಾನದಲ್ಲಿ ಅಪರೂಪವಾಯಿತು. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬನು ಅದರ ದಾಯಭಾಗದ ಪ್ರಕರಣವನ್ನು ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ತಂದ ಮೇಲಂತೂ ಸಂಸ್ಕೃತದ ಗಂಧವಿಲ್ಲದ ನ್ಯಾಯಾಧೀಶರೂ ಕಲ್ಯಾಣದ ಪಂಡಿತನ ಮಾತನ್ನು ಹಿಡಿದು ತೀರ್ಪು ಕೊಡತೊಡಗಿದರು.

ವಿಜ್ಞಾನೇಶ್ವರನ ಮುಖ್ಯ ಮಾತು ಒಂದೇ. ಮಗನಿಗೆ ಹಿರಿಯರ ಆಸ್ತಿಯಲ್ಲಿ ಹಕ್ಕು ಬರುವುದು ಅಪ್ಪ ಸತ್ತಾಗಲ್ಲ, ತಾನು ಹುಟ್ಟಿದಾಗ. ತಾತನಿಂದ ಬಂದ ನೆಲದಲ್ಲಿ ತಂದೆಗೂ ಮಗನಿಗೂ ಸ್ವಾಮ್ಯ ಸಮಾನ. ಇಂಥ ಆಸ್ತಿಗೆ ಆತ ಅಪ್ರತಿಬಂಧ ದಾಯವೆಂದು ಹೆಸರಿಟ್ಟನು; ಎಂದರೆ ತಂದೆಯ ಬದುಕೂ ಮಗನ ಹಕ್ಕಿಗೆ ಅಡ್ಡಿಯಲ್ಲವೆಂದರ್ಥ. ಹೀಗೆ ಕೂಡಿ ಹಕ್ಕುಳ್ಳವರಿಗೆ ಕೋರ್ಟಿನವರು ಸಹದಾಯಾದರೆಂದರು. ನಮ್ಮ ಮಂದಿ ಸುಮ್ಮನೆ ದಾಯಾದಿಗಳೆಂದರು, ಆ ಶಬ್ದಕ್ಕೆ ಜಗಳದ ವಾಸನೆಯನ್ನೂ ಸೇರಿಸಿದರು! ವಿಭಾಗವಾಗುವ ತನಕ ಇವರಲ್ಲಿ ಯಾರೊಬ್ಬನೂ ‘ಇಷ್ಟು ನನ್ನದು’ ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಒಬ್ಬ ಹುಟ್ಟಿದರೆ ಎಲ್ಲರ ಪಾಲೂ ಕುಗ್ಗುತ್ತದೆ, ಒಬ್ಬ ಸತ್ತರೆ ಉಳಿದವರ ಪಾಲು ಹಿಗ್ಗುತ್ತದೆ. ಸತ್ತವನ ಪಾಲು ಯಾರಿಗೂ ‘ಹೋಗುವುದಿಲ್ಲ’. ಅದು ಉಳಿದವರಲ್ಲಿ ಮುಳುಗಿಬಿಡುತ್ತದೆ. ಇದಕ್ಕೆ ಕಾನೂನಿನವರು ಉಳಿವಿನ ಹಕ್ಕೆಂದು ಹೇಳುತ್ತಾರೆ. ಈ ಲೇಖನದ ಕಥೆಯೆಲ್ಲ ಈ ಉಳಿವಿನ ಹಕ್ಕಿನದೇ.

ಇಂಥ ಮನೆಯಲ್ಲಿ ಒಬ್ಬ ಸಹದಾಯಾದನು ತನ್ನ ಅವಿಭಕ್ತ ಪಾಲನ್ನು ಉಯಿಲಿನಿಂದ ಬೇಕಾದವರಿಗೆ ಕೊಡಬಹುದೇ? ಪ್ರಶ್ನೆಯೆದ್ದುದು ಇಂಗ್ಲಿಷರ ಕಾಲದಲ್ಲಿ, ಪಟ್ಟಣದ ಸಿರಿವಂತರು ಉಯಿಲು ಬರೆಯುವುದನ್ನು ಕಲಿತ ಮೇಲೆ. ಬಂಗಾಳದಲ್ಲಿ ಅದಕ್ಕೆ ತೊಡಕಿರಲಿಲ್ಲ. ಅಲ್ಲಿ ನಡೆಯುತ್ತಿದ್ದ ಜೀಮೂತವಾಹನನ ದಾಯಭಾಗದಲ್ಲಿ ತಂದೆ ಬದುಕಿರುವತನಕ ಆತನೇ ಒಡೆಯ, ಮಗನಿಗೆ ಹುಟ್ಟಿನ ಹಕ್ಕಿಲ್ಲ. ದಕ್ಷಿಣದಲ್ಲಿ ಮಾತ್ರ ವಿಜ್ಞಾನೇಶ್ವರ ಅಡ್ಡ ನಿಂತಿದ್ದನು. ಇಲ್ಲಿ ಒಂದು ಗೋಜಲೂ ಇತ್ತು. ಮದ್ರಾಸು ಮುಂಬಯಿಗಳ ಕೋರ್ಟುಗಳು ಸಹದಾಯಾದನು ತನ್ನ ಅವಿಭಕ್ತ ಪಾಲನ್ನು ಹಣಕ್ಕೆ ಮಾರಬಹುದೆಂದು ಆ ಹೊತ್ತಿಗೆ ಒಪ್ಪಿದ್ದವು. ಹಣ ಕೊಟ್ಟವನಿಗೆ ಮೋಸವಾಗಬಾರದೆಂಬುದು ಅವುಗಳ ನ್ಯಾಯ. ಮಾರಬಹುದಾದರೆ ಉಯಿಲು ಬರೆದರೇನು ತಪ್ಪು ಎಂದು ವಕೀಲರು ವಾದಿಸದೆ ಇರುತ್ತಾರೆಯೇ?

1874ರಲ್ಲಿ ಮದ್ರಾಸು ಹೈಕೋರ್ಟಿನ ಮುಂದೆ ಈ ಪ್ರಶ್ನೆ ನೇರವಾಗಿ ಬಂದಿತು. ಮೊಕದ್ದಮೆಯ ಹೆಸರು ‘ವಿಟ್ಲ ಬಟ್ಟನ್ ಮತ್ತು ಯಮೇನಮ್ಮ’ ಎಂದು ಇಂಗ್ಲಿಷ್ ವರದಿಯಲ್ಲಿ ಅಚ್ಚಾಗಿದೆ. ಸಾಹೇಬರ ಕಾಗುಣಿತವನ್ನು ಸ್ವಲ್ಪ ಒರೆಸಿ ನೋಡಿದರೆ ವಿಟ್ಠಲಭಟ್ಟನೂ ಯಮುನಮ್ಮನೂ ಕಾಣಿಸುತ್ತಾರೆಂದು ನನ್ನ ಎಣಿಕೆ. ಕೋರ್ಟು ಕೊಟ್ಟ ಉತ್ತರ ಬಹಳ ಸೂಕ್ಷ್ಮವಾದದ್ದು. ಶಾಸ್ತ್ರದಲ್ಲಿ ಉಯಿಲಿನ ಮಾತಿಲ್ಲವೆಂದಷ್ಟೇ ಹೇಳಿ ಅದು ಕೈ ತೊಳೆದುಕೊಳ್ಳಲಿಲ್ಲ. ಗಳಿಗೆಯ ಲೆಕ್ಕ ಹಾಕಿತು. ಉಯಿಲಿಗೆ ಜೀವ ಬರುವುದು ಬರೆದವನ ಜೀವ ಹೋದಾಗ. ಅದೇ ಗಳಿಗೆಯಲ್ಲಿ ಉಳಿವಿನ ಹಕ್ಕೂ ಬಂದು ನಿಲ್ಲುತ್ತದೆ. ಎರಡು ಹಕ್ಕುಗಳು ಒಂದೇ ಬಾಗಿಲಿಗೆ ಒಂದೇ ಹೊತ್ತಿಗೆ ಬಂದರೆ ಒಳಗೆ ಬಿಡಬೇಕಾದದ್ದು ಯಾರನ್ನು? ಮೊದಲಿನಿಂದ ಇದ್ದವನನ್ನು. ಉಳಿದ ದಾಯಾದಿಗಳ ಹಕ್ಕು ಅವರ ಹುಟ್ಟಿನಿಂದಲೇ ಇದ್ದದ್ದು. ಉಯಿಲು ಪಡೆದವನದು ಆಗತಾನೆ ಹುಟ್ಟಿದ್ದು. ಆದ್ದರಿಂದ ಉಳಿವಿನ ಹಕ್ಕೇ ಗೆಲ್ಲುತ್ತದೆ, ಉಯಿಲಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಮಾರಾಟ ಹಾಗಲ್ಲ, ಅದು ಬದುಕಿದ್ದಾಗಲೇ ಮುಗಿದುಹೋದ ವ್ಯವಹಾರ. 1880ರಲ್ಲಿ ಮುಂಬಯಿಯಿಂದ ಹೋದ ಲಕ್ಷ್ಮಣ ದಾದಾ ನಾಯಿಕರ ಅಪೀಲಿನಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಈ ತತ್ತ್ವವನ್ನೇ ಎತ್ತಿಹಿಡಿಯಿತು. ಮಾರಾಟಕ್ಕೆ ಕೊಟ್ಟ ಸಡಿಲನ್ನು ಉಯಿಲಿಗೆ ವಿಸ್ತರಿಸಲು ಅದು ಒಪ್ಪಲಿಲ್ಲ.

ಎಪ್ಪತ್ತೈದು ವರ್ಷ ಈ ಮಾತು ಅಲುಗಲಿಲ್ಲ. ನಮ್ಮ ಮೂರು ತಾಲೂಕುಗಳು ಆಗ ನಿಜಾಮರ ಹೈದರಾಬಾದಿನಲ್ಲಿದ್ದವು. ಕೋರ್ಟಿನ ಭಾಷೆ ಉರ್ದುವಾದರೂ ಹಿಂದೂ ಮನೆತನದ ಪಾಲಿನ ವ್ಯಾಜ್ಯಕ್ಕೆ ಆಧಾರ ಮಿತಾಕ್ಷರೆಯೇ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಒಂದೇ ಊರಿನಲ್ಲಿ ಗೋಡೆಗೆ ಗೋಡೆ ಹತ್ತಿದ ಎರಡು ಮನೆಗಳಲ್ಲಿ ಮುಸಲ್ಮಾನ ಯಜಮಾನನು ತನ್ನ ಧರ್ಮದ ಕಾನೂನಿನಂತೆ ವಾರಸುದಾರರ ಒಪ್ಪಿಗೆಯಿಲ್ಲದೆಯೇ ಆಸ್ತಿಯ ಮೂರರಲ್ಲಿ ಒಂದು ಪಾಲಿನವರೆಗೆ ಹೊರಗಿನವರಿಗೆ ವಸಿಯತ್ತು ಮಾಡಬಹುದಾಗಿತ್ತು. ಪಕ್ಕದ ಮನೆಯ ಹಿಂದೂ ಯಜಮಾನನು ಕೂಡಿದ ಆಸ್ತಿಯಲ್ಲಿ ಒಂದು ಗುಂಟೆಯನ್ನೂ ಮಾಡುವಂತಿರಲಿಲ್ಲ.

ಈ ನಿರ್ಬಂಧದಿಂದ ಯಾರಿಗೆ ಪೆಟ್ಟು ಬಿದ್ದಿತು? ಗಂಡುಮಕ್ಕಳಿಗಂತೂ ಅಲ್ಲ. ಉಯಿಲು ಬರೆಯಬೇಕೆಂದು ಆಸೆಪಡುತ್ತಿದ್ದವನು ಹೆಚ್ಚಾಗಿ ಗಂಡುಸಂತಾನವಿಲ್ಲದೆ ಅಣ್ಣತಮ್ಮಂದಿರೊಡನೆ ಕೂಡಿದ್ದವನು. ಹೆಂಡತಿಗೋ ಮಗಳಿಗೋ ಒಂದಿಷ್ಟು ಉಳಿಸಿ ಹೋಗಬೇಕೆಂದವನು. ಆತ ಕಣ್ಣು ಮುಚ್ಚಿದ ಗಳಿಗೆಯಲ್ಲಿ ಆತನ ಪಾಲು ಅಣ್ಣತಮ್ಮಂದಿರಲ್ಲಿ ಮುಳುಗಿತು. ಮಗಳಿಗೆ ಉಳಿದದ್ದು ಮದುವೆಯ ಖರ್ಚು. ಇದಕ್ಕೆ ಇದ್ದ ದಾರಿ ಒಂದೇ, ಬದುಕಿರುವಾಗ ಬೇರೆಯಾಗುವುದು. ಬೇರೆಯಾಗುತ್ತೇನೆಂದು ಒಬ್ಬ ಸ್ಪಷ್ಟವಾಗಿ ಸಾರಿದರೂ ಸಾಕು, ಕೂಡಿಕೆ ಮುರಿಯುತ್ತದೆಂದು ಕಾನೂನು ಒಪ್ಪಿತ್ತು. ಕೆಲವರು ಜಾಣತನ ಮಾಡಿ, ‘ನಾನು ವಿಭಕ್ತ’ ಎಂದು ಉಯಿಲಿನಲ್ಲಿಯೇ ಬರೆದು ಪೆಟ್ಟಿಗೆಯಲ್ಲಿಟ್ಟರು. ಇದು ಸಾಗದು. ಆಂಧ್ರದಿಂದ ಬಂದ ರಾಘವಮ್ಮ ಮತ್ತು ಚೆಂಚಮ್ಮನವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1963ರಲ್ಲಿ ಇದನ್ನು ವಿವರವಾಗಿ ಬಿಡಿಸಿತು. ಬೇರೆಯಾಗುವ ಮನಸ್ಸು ಮನಸ್ಸಿನಲ್ಲಿಯೋ ಪೆಟ್ಟಿಗೆಯಲ್ಲಿಯೋ ಇದ್ದರೆ ಸಾಲದು, ಅದು ಉಳಿದವರ ಅರಿವಿಗೆ ಬರಬೇಕು. ಬರುವಷ್ಟರಲ್ಲಿ ಬರೆದವನು ಸತ್ತು ಉಳಿವಿನ ಹಕ್ಕು ನೆಲೆಗೊಂಡಿದ್ದರೆ ಆಮೇಲೆ ಅದನ್ನು ಕೀಳಲಾಗದು.

ಆ ತೀರ್ಪು ಬಂದಾಗ ಹೊಸ ಕಾನೂನು ಬಂದು ಏಳು ವರ್ಷಗಳಾಗಿದ್ದವು. ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಯಾದುದು 1956ರ ಜೂನ್ 17ರಂದು. ನಮ್ಮ ತಾಲೂಕುಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಅವು ಮೈಸೂರು ರಾಜ್ಯಕ್ಕೆ ಬಂದುದು ನವೆಂಬರ್ 1ರಂದು. ಏಕೀಕರಣಕ್ಕೆ ನಾಲ್ಕೂವರೆ ತಿಂಗಳ ಮೊದಲೇ, ಯಾವ ಮೆರವಣಿಗೆಯೂ ಇಲ್ಲದೆ, ಎಂಟು ನೂರು ವರ್ಷದ ಒಂದು ಕಟ್ಟು ಇಲ್ಲಿ ಸಡಿಲಿತು. ಅದು ಸಡಿಲಿದುದಾದರೂ ಕಾಯಿದೆಯ 30ನೆಯ ಕಲಮಿನ ಅಡಿಯ ಒಂದು ವಿವರಣೆಯಿಂದ. ಮಿತಾಕ್ಷರ ಕುಟುಂಬದ ಗಂಡಸಿಗೆ ಕೂಡಿದ ಆಸ್ತಿಯಲ್ಲಿ ಇರುವ ಹಿತವು ಉಯಿಲಿನಿಂದ ಕೊಡಬಹುದಾದ ಆಸ್ತಿಯೆಂದೇ ಭಾವಿಸತಕ್ಕದ್ದೆಂದು ಅದರ ಅರ್ಥ. ಮದ್ರಾಸಿನವರು ಹಾಕಿದ್ದ ಗಳಿಗೆಯ ಲೆಕ್ಕಕ್ಕೆ ಈ ಮಾತೊಂದೇ ಸಾಕಾಯಿತು: ಬಾಗಿಲಿಗೆ ಇಬ್ಬರೂ ಬಂದರೆ ಇನ್ನು ಮೇಲೆ ಉಯಿಲಿನವನೇ ಒಳಗೆ.

ಆದರೆ ದಾನದ ಬಗ್ಗೆ ಕಾಯಿದೆ ತುಟಿ ಬಿಚ್ಚಲಿಲ್ಲ. ಅದರಿಂದ ಒಂದು ನಗೆಪಾಟಲಿನ ಸ್ಥಿತಿ ಉಳಿಯಿತು. ಕೂಡಿದ ಮನೆಯವನು ತನ್ನ ಅವಿಭಕ್ತ ಪಾಲನ್ನು ಸತ್ತ ಮೇಲೆ ಯಾರಿಗಾದರೂ ಕೊಡಬಹುದು, ಬದುಕಿರುವಾಗ ಉಳಿದವರ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ದಾನ ಮಾಡಲಾಗದು! ಇದು ಹೀಗೆಯೇ ಎಂದು ಸುಪ್ರೀಂ ಕೋರ್ಟು 1987ರಲ್ಲಿ ತಮ್ಮ ವೆಂಕಟ ಸುಬ್ಬಮ್ಮನವರ ಮೊಕದ್ದಮೆಯಲ್ಲಿ ಖಚಿತಪಡಿಸಿತು.

ಇಷ್ಟು ಹೊತ್ತು ಕೋರ್ಟಿನ ಅಂಗಳದಲ್ಲಿ ಅಡ್ಡಾಡಿದೆವು; ಈಗ ಹೊಲಕ್ಕೆ ಇಳಿಯೋಣ. ಭೀಮೆಯ ಆಚೆಯ ದಂಡೆಯ ಒಂದು ಹಳ್ಳಿಯಲ್ಲಿ ಮದುವೆಯೂಟ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದರು:

“ಏನ್ರಿ ಮಾಸ್ತರ, ಹೊಲ ನನ್ನ ಹೆಸರಿಲೇ ಅದ. ಎಲ್ಲಾ ಸಣ್ಣಾಂವಗ ಬರದಿಟ್ರ ಯಾರರ ಕೇಳ್ತಾರೇನ್ರಿ?”

“ಯಜಮಾನರ, ಹೆಸರು ನಿಮ್ದು, ಖರೆ. ಹೊಲ ಯಾರ್ದು?” ಎಂದೆ.

ಪಹಣಿಯಲ್ಲಿ ತಂದೆಯ ಹೆಸರೊಂದೇ ಇದ್ದ ಮಾತ್ರಕ್ಕೆ ಹೊಲ ತಂದೆಯದೊಂದೇ ಆಗುವುದಿಲ್ಲ. ಆತ ಮನೆತನದ ಕರ್ತನಾಗಿ ಆ ಹೆಸರನ್ನು ಹೊತ್ತಿರಬಹುದು. ಅವರ ಮನೆಯ ಲೆಕ್ಕವನ್ನು ಬಿಟ್ಟು, ಅಂಥದೇ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಇಪ್ಪತ್ತನಾಲ್ಕು ಎಕರೆ ಎರೆ ಹೊಲ, ತಾತನ ಕಾಲದಿಂದ ಕೂಡಿಯೇ ಬಂದದ್ದು. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ತಾಯಿ ತೀರಿಹೋಗಿದ್ದಾಳೆ. ತಂದೆ ಎಲ್ಲವನ್ನೂ ಕಿರಿಯನಿಗೆ ಬರೆದು ತೀರಿಕೊಂಡನೆನ್ನಿ.

ಆತ 1956ರ ಜೂನ್ 17ಕ್ಕೆ ಮುಂಚೆ ತೀರಿಕೊಂಡಿದ್ದರೆ ಆ ಕಾಗದ ಬರಿಯ ಕಾಗದ. ಗಂಡುಮಕ್ಕಳಿಬ್ಬರಿಗೂ ಹನ್ನೆರಡು ಹನ್ನೆರಡು ಎಕರೆ, ಮಗಳಿಗೆ ಏನೂ ಇಲ್ಲ. 1970ರಲ್ಲಿ ತೀರಿಕೊಂಡಿದ್ದರೆ ಲೆಕ್ಕ ಬೇರೆ. ಸಾಯುವ ಮುನ್ನಿನ ಗಳಿಗೆಯಲ್ಲಿ ಪಾಲಾಗಿತ್ತೆಂದು ಭಾವಿಸಿ ತಂದೆಯ ಪಾಲನ್ನು ತೆಗೆಯಬೇಕು: ತಂದೆಗೆ ಎಂಟು, ಮಕ್ಕಳಿಗೆ ಎಂಟೆಂಟು. ಉಯಿಲು ನಡೆಯುವುದು ಆ ಎಂಟು ಎಕರೆಗೆ ಮಾತ್ರ. ಹಿರಿಯನಿಗೆ ಎಂಟು, ಕಿರಿಯನಿಗೆ ಹದಿನಾರು, ಮಗಳಿಗೆ ಸೊನ್ನೆ. ಉಯಿಲಿಲ್ಲದೆ ತೀರಿಕೊಂಡಿದ್ದರೆ ಆ ಎಂಟು ಎಕರೆಯನ್ನು ಮೂವರೂ ಹಂಚಿಕೊಳ್ಳುತ್ತಿದ್ದರು. ಮಗಳಿಗೆ ಎರಡು ಎಕರೆ ಇಪ್ಪತ್ತೇಳು ಗುಂಟೆಗೆ ಸ್ವಲ್ಪ ಕಡಿಮೆ ಸಿಕ್ಕುತ್ತಿತ್ತು. ಪಾಲು ತೆಗೆಯುವ ಈ ರೀತಿ ನನ್ನದಲ್ಲ. 1960ರಲ್ಲಿ ಉಯಿಲಿಲ್ಲದೆ ತೀರಿಕೊಂಡ ಖಂಡಪ್ಪ ಮಗದುಮ್ಮರ ಆಸ್ತಿಯ ಬಗ್ಗೆ ಮುಂಬಯಿ ಹೈಕೋರ್ಟಿನಿಂದ ಹೋದ ಅಪೀಲಿನಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಹೀಗೆಯೇ ಎಣಿಸಿತು. ಖಂಡಪ್ಪ, ಹೆಂಡತಿ, ಇಬ್ಬರು ಗಂಡುಮಕ್ಕಳು ಎಂದು ನಾಲ್ಕು ಪಾಲು ಮಾಡಿತು. ಖಂಡಪ್ಪನ ಕಾಲು ಭಾಗವನ್ನು ಹೆಂಡತಿ ಮತ್ತು ಐವರು ಮಕ್ಕಳಿಗೆ ಆರು ಮಾಡಿತು. ಅಲ್ಲಿ ವಿಧವೆಗೆ ಒಟ್ಟು ಇಪ್ಪತ್ತನಾಲ್ಕರಲ್ಲಿ ಏಳು ಪಾಲು ಬಂದಿತು.

1970ರ ಲೆಕ್ಕದಲ್ಲಿ ಮಗಳ ಹೆಸರಿನ ಮುಂದೆ ಬಿದ್ದ ಸೊನ್ನೆಯನ್ನು ಇನ್ನೊಮ್ಮೆ ನೋಡಬೇಕು. 1956ರ ಕಾಯಿದೆ ಒಂದು ಕೈಯಿಂದ ತಂದೆಯ ಪಾಲಿನಲ್ಲಿ ಮಗಳಿಗೆ ಸಮಭಾಗವಿತ್ತಿತು. ಇನ್ನೊಂದು ಕೈಯಿಂದ ಅದನ್ನು ಅಳಿಸಿಹಾಕುವ ಲೇಖನಿಯನ್ನು ತಂದೆಗೆ ಇತ್ತಿತು. ಹಿಂದೆ ಉಯಿಲು ಬೇಕಾಗಿದ್ದುದು ಹೆಣ್ಣಿಗೆ ಕೊಡಬೇಕೆಂದವನಿಗೆ. ಈಗ ಅದರ ಅಗತ್ಯ ಬಿದ್ದುದು ಹೆಣ್ಣಿಗೆ ಕೊಡಬಾರದೆಂದವನಿಗೆ. ಉಯಿಲಿಗೆ ಸ್ವಾತಂತ್ರ್ಯ ಬಂದುದನ್ನು ಹೊಗಳುವವರು ಈ ತಿರುವುಮುರುವನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಹೊಲ ಮನೆಯಾಚೆ ಹೋಗಬಾರದೆಂಬ ಹಳೆಯ ಹಟ ಶಾಸ್ತ್ರದ ಆಸರೆ ತಪ್ಪಿದೊಡನೆ ಸ್ಟಾಂಪು ಕಾಗದದ ಆಸರೆ ಹುಡುಕಿತೆಂದು ನನಗೆ ತೋರುತ್ತದೆ.

ಇದಕ್ಕೆ ಮದ್ದು ಬಂದುದು ಉಯಿಲಿನ ಕಡೆಯಿಂದಲ್ಲ, ಹುಟ್ಟಿನ ಕಡೆಯಿಂದ. ಕರ್ನಾಟಕವು 1994ರ ಜುಲೈ 30ರಿಂದ ಮಗಳನ್ನೂ ಸಹದಾಯಾದಳನ್ನಾಗಿ ಮಾಡಿತು, ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿಯಲ್ಲಿ ಆ ಮದುವೆಯ ಗೆರೆಯೂ ಹೋಯಿತು. ತಂದೆ ಆ ದಿನ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ, ಮಗಳ ಹಕ್ಕು ಹುಟ್ಟಿನದು ಎಂದು 2020ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನಿಜವಾಗಿ ಆಗಿಹೋದ ಪಾಲುಗಳು ಮಾತ್ರ ಹಾಗೆಯೇ ಉಳಿದವು. ಅದೇ ತಿದ್ದುಪಡಿ ಉಳಿವಿನ ಹಕ್ಕನ್ನೂ ತೆಗೆದುಹಾಕಿತು. ಅನಂತರ ತೀರಿಕೊಂಡವನ ಪಾಲು ಉಯಿಲಿದ್ದರೆ ಉಯಿಲಿನಂತೆ, ಇಲ್ಲದಿದ್ದರೆ ವಾರಸಿಕೆಯಂತೆ ಹೋಗುತ್ತದೆ, ಉಳಿದವರಲ್ಲಿ ಮುಳುಗುವುದಿಲ್ಲ. 1874ರಲ್ಲಿ ಉಯಿಲನ್ನು ಬಾಗಿಲಲ್ಲಿಯೇ ತಡೆದು ನಿಲ್ಲಿಸಿದವನು ಈಗ ಮನೆಯಲ್ಲಿಯೇ ಇಲ್ಲ. ವಿಜ್ಞಾನೇಶ್ವರನ ಹುಟ್ಟಿನ ಹಕ್ಕು ಮಾತ್ರ ಉಳಿದಿದೆ, ಅವನು ಎಣಿಸದಿದ್ದ ಹೆಣ್ಣುಮಕ್ಕಳಿಗೂ ಹಬ್ಬಿಕೊಂಡು.

ನಮ್ಮ ಇಪ್ಪತ್ತನಾಲ್ಕು ಎಕರೆಗೆ ಮರಳಿದರೆ, ಇಂದಿನ ಲೆಕ್ಕ ಹೀಗೆ: ತಂದೆ, ಇಬ್ಬರು ಗಂಡುಮಕ್ಕಳು, ಮಗಳು, ಎಲ್ಲರಿಗೂ ಆರಾರು. ತಂದೆಯ ಉಯಿಲು ಅವನ ಆರು ಎಕರೆಯನ್ನು ಮುಟ್ಟೀತು, ಅದಕ್ಕಿಂತ ಹೆಚ್ಚನ್ನಲ್ಲ. ಎಲ್ಲವನ್ನೂ ಕಿರಿಯನಿಗೆ ಬರೆದರೂ ಅವನಿಗೆ ದೊರೆಯುವುದು ಹನ್ನೆರಡು. ಹಿರಿಯನ ಆರೂ ಮಗಳ ಆರೂ ಅಲುಗುವುದಿಲ್ಲ. ಉಯಿಲಿಲ್ಲದಿದ್ದರೆ ಮೂವರಿಗೂ ಎಂಟೆಂಟು.

ಇಲ್ಲಿ ಎಡವುವವರು ಬಹಳ. ಕೂಡಿದ ಆಸ್ತಿ ಯಾವುದು, ತಂದೆಯ ಸ್ವಂತದ್ದು ಯಾವುದು ಎಂದು ಮೊದಲು ಬಿಡಿಸಿಕೊಳ್ಳದೆ ಲೆಕ್ಕಕ್ಕೆ ಕೂರುವುದೇ ಮುಖ್ಯವಾದ ತಪ್ಪು. ತಂದೆ ತಾನೇ ದುಡಿದು ಕೊಂಡ ಹೊಲವನ್ನು ಯಾರಿಗೆ ಬೇಕಾದರೂ ಪೂರ್ತಿಯಾಗಿ ಬರೆಯಬಹುದು. ಅಲ್ಲಿ ಯಾವ ಮಗುವಿಗೂ ಹುಟ್ಟಿನ ಹಕ್ಕಿಲ್ಲ. ಇನ್ನೂ ಒಂದು ನವಿರು ಉಂಟು. ತಾತನ ಸ್ವಂತ ಹೊಲವು ಆತ 1956ರ ಅನಂತರ ಉಯಿಲಿಲ್ಲದೆ ತೀರಿಕೊಂಡು ಹೊಸ ಕಾಯಿದೆಯ ವಾರಸಿಕೆಯಿಂದ ತಂದೆಗೆ ಬಂದಿದ್ದರೆ, ಅದು ತಂದೆಯ ಸ್ವಂತದ್ದೇ ಎಂದು ಸುಪ್ರೀಂ ಕೋರ್ಟು 1986ರಲ್ಲಿ ಚಂದರ್ ಸೇನ್ ಪ್ರಕರಣದಲ್ಲಿ ಹೇಳಿದೆ. ಜನರ ಬಾಯಲ್ಲಿ ಪಿತ್ರಾರ್ಜಿತವಾದದ್ದೆಲ್ಲ ಕಾನೂನಿನ ಕಣ್ಣಲ್ಲಿ ಕೂಡಿದ ಆಸ್ತಿಯಲ್ಲ. ಆದ್ದರಿಂದ ಹೊಲ ಮನೆಗೆ ಯಾವಾಗ ಬಂತು, ಯಾರಿಂದ ಬಂತು, ಅವರು ಯಾವ ವರ್ಷ ತೀರಿಕೊಂಡರು, ಮಧ್ಯೆ ಪಾಲುಪಟ್ಟಿ ಆಗಿತ್ತೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕುವವರೆಗೆ ಯಾವ ವಕೀಲನೂ ‘ಬರೆಯಬಹುದು’ ಎನ್ನಲಾರನು, ‘ಬರೆಯಬಾರದು’ ಎನ್ನಲಾರನು.

ಉಯಿಲಿನ ಕಾಗದಕ್ಕೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕೆಂಬುದನ್ನು ಎಲ್ಲರೂ ಬಲ್ಲರು. ರಿಜಿಸ್ಟರು ಮಾಡಿಸಿದರೆ ಅದು ಗಟ್ಟಿಯಾಯಿತೆಂದೂ ಬಹುಮಂದಿ ನಂಬಿದ್ದಾರೆ. ರಿಜಿಸ್ಟರು ಕಡ್ಡಾಯವಲ್ಲ, ಮಾಡಿಸಿದರೂ ತಂದೆಗೆ ಇಲ್ಲದ ಹಕ್ಕನ್ನು ಅದು ತಂದುಕೊಡದು. ಮಗಳ ಆರು ಎಕರೆಯನ್ನು ಸೇರಿಸಿ ಬರೆದ ಉಯಿಲು ರಿಜಿಸ್ಟರಾಗಿದ್ದರೂ ಆ ಆರು ಎಕರೆಯ ಮಟ್ಟಿಗೆ ನಿರರ್ಥಕವೇ.

ಭೀಮೆಯ ದಂಡೆಯ ಆ ಯಜಮಾನರು ಇನ್ನೊಂದು ಮಾತು ಹೇಳಿದ್ದರು. ಬರೆಯುವುದಾದರೆ ನೀರಿನ ಕಡೆಯ ತುಂಡನ್ನು ಕಿರಿಯನಿಗೆ ಬರೆಯಬೇಕೆಂದು ಅವರ ಆಸೆ. ಇದೂ ಕೂಡಿದ ಹೊಲದಲ್ಲಿ ನೆಟ್ಟಗೆ ಸಾಗುವ ಮಾತಲ್ಲ. ವಿಭಾಗವಾಗುವ ತನಕ ತಂದೆಯದು ಎಂಬುದು ನಾಲ್ಕರಲ್ಲಿ ಒಂದು ಪಾಲೇ ಹೊರತು ಇಂಥ ಬದುವಿನಿಂದ ಇಂಥ ಬದುವಿನವರೆಗೆ ಎಂಬ ತುಂಡಲ್ಲ. ನಾಳೆ ಪಾಲಾಗುವಾಗ ನೀರಿನ ಕಡೆ ಮಗಳಿಗೆ ಬಿದ್ದರೂ ಬಿದ್ದೀತು. ಆಗ ಉಯಿಲನ್ನು ಹಿಡಿದುಕೊಂಡವನಿಗೆ ಸಿಕ್ಕುವುದು ತಂದೆಯ ಪಾಲಿಗೆ ಬಂದ ತುಂಡು, ಅದು ಕಲ್ಲುನೆಲವಾದರೂ ಸರಿ. ಚೆಕ್ಕುಬಂದಿ ಹಾಕಿ ಬರೆಯಲೇಬೇಕೆಂದವರು ಮೊದಲು ಮೂವರು ಮಕ್ಕಳನ್ನೂ ಕೂರಿಸಿಕೊಂಡು ಪಾಲು ಮಾಡಿ, ಪಾಲುಪಟ್ಟಿಯನ್ನು ರಿಜಿಸ್ಟರು ಮಾಡಿಸಿ, ಆಮೇಲೆ ತಮ್ಮ ತುಂಡಿನ ಉಯಿಲು ಬರೆಯಬೇಕು. ಹಾಗೆಂದು ಹೇಳಿದೆ. “ಹೆಣ್ಮಗಳನ್ನೂ ಕೂಡಿಸ್ಬೇಕೇನ್ರಿ?” ಎಂದರು. ಹೌದೆಂದೆ.